ನಿಶ್ಚಿತಾರ್ಥದ ಫೋಟೊ: ಎಡಿಟರ್‌ಗೆ ಏನು ಬರೆಯಬೇಕು?

"ಮುಖ ಚೆಂದ ಮಾಡ್ರಿ" ಅಂತಷ್ಟೇ ಬರೆದರೆ, ಎಡಿಟರ್ ತಮಗೆ ತೋಚಿದಷ್ಟು ಬೆಳ್ಳಗೆ ಮಾಡಿಬಿಡಬಹುದು. ಉದಾಹರಣೆಗೆ, ಲಕಮನಹಳ್ಳಿಯ ಮದುಮಗಳೊಬ್ಬಳು ಹೀಗೆ ಬರೆಯಬಹುದು:

"ಅಣ್ಣಾರ, ನಮಸ್ಕಾರ. ಫೋಟೊ ನಂಬರ್ 214. ಗದ್ದದ ಮ್ಯಾಲಿನ ಮೊಡವಿ ತೆಗೀರಿ, ಕೆನ್ನಿ ಮ್ಯಾಲಿನ ಮಚ್ಚಿ ಹಂಗ ಇರ್ಲಿ. ಹಣಿ ಹೊಳಪು ಕಡಿಮಿ ಮಾಡ್ರಿ. ಕಣ್ಣ ಕೆಳಗಿನ ಕಪ್ಪು ಅರ್ಧ ತಿಳಿಯಾದ್ರ ಸಾಕು. ಮೈಬಣ್ಣ ಬದಲಿಸಬ್ಯಾಡ್ರಿ."

ಹಾಲ್‌ನ ದೀಪದಿಂದ ಮುಖ ಹಳದಿಯಾಗಿದ್ದರೆ, ಮೊದಲು ವೈಟ್ ಬ್ಯಾಲೆನ್ಸ್ ಸರಿಪಡಿಸಬೇಕು. ಆಮೇಲಷ್ಟೇ ಚರ್ಮ ತಿದ್ದಬೇಕು.

ಮೊದಲು ಒಂದೇ ಫೋಟೊ ಮಾಡಿಸಿ, ದೊಡ್ಡದು ಮಾಡಿ ನೋಡಿ. ಮುಖ ಕುತ್ತಿಗೆ, ಕೈಗಳಿಗಿಂತ ತೀರಾ ಬೆಳ್ಳಗೆ ಕಂಡರೆ ಬಿಳುಪು ಹೆಚ್ಚಾಗಿರಬಹುದು. ಚರ್ಮದ ಸಣ್ಣ ರಂಧ್ರಗಳೂ ಮಾಯವಾಗಿದ್ದರೆ ನುಣುಪು ಹೆಚ್ಚಾಗಿದೆ. ಅದನ್ನು ತಿದ್ದಿಸಿದ ಮೇಲೆಯೇ ಉಳಿದ ಫೋಟೊಗಳಿಗೆ ಒಪ್ಪಿಗೆ ಕೊಡಿ.