ವಿಮರ್ಶಕರ ಮಾತು ಒಪ್ಪಿಗೆಯಾಗದಿದ್ದಾಗ ಉತ್ತರಪತ್ರ ಹೇಗಿರಬೇಕು?

ತಿದ್ದಿದ ಪ್ರಬಂಧದ ಜೊತೆ ಕಳಿಸುವ ಉತ್ತರಪತ್ರದಲ್ಲಿ, ಒಪ್ಪಿದ ಸಲಹೆಗೆ ಪುಟ, ಸಾಲಿನ ಸಂಖ್ಯೆ ಕೊಟ್ಟರೆ ಸಾಕು. ಒಪ್ಪದ್ದಕ್ಕೆ ಕಾರಣ ಬೇಕು. ಎರಡು ಔಷಧಗಳ ನಡುವೆ ವ್ಯತ್ಯಾಸ ಕಾಣದ ಅಧ್ಯಯನವೊಂದಕ್ಕೆ, ಸಿಕ್ಕ ಫಲಿತಾಂಶದಿಂದಲೇ ‘ಪವರ್’, ಅಂದರೆ ವ್ಯತ್ಯಾಸ ಹಿಡಿಯುವ ಸಾಮರ್ಥ್ಯ, ಲೆಕ್ಕಹಾಕಿ ಎಂದು ವಿಮರ್ಶಕರು ಕೇಳುವುದುಂಟು. ಆ ಲೆಕ್ಕ ಪಿ-ಮೌಲ್ಯದ್ದೇ ಇನ್ನೊಂದು ವೇಷ: ಪಿ 0.05 ಇದ್ದರೆ ಪವರ್ ಸುಮಾರು ಶೇ. 50 ಬಂದೇ ಬರುತ್ತದೆ. ಹೋನಿಗ್ ಮತ್ತು ಹೈಸಿ 2001ರಲ್ಲೇ ಇದನ್ನು ವಿವರಿಸಿದ್ದಾರೆ. ಆಗ ಹೀಗೆ ಬರೆಯಬಹುದು: “ಮಾದರಿ ಚಿಕ್ಕದಾಯಿತೇ ಎಂಬ ತಮ್ಮ ಶಂಕೆ ನ್ಯಾಯವಾದದ್ದೇ. ಆದರೆ ಈ ಲೆಕ್ಕದಿಂದ ಅದು ಬಗೆಹರಿಯದು. ಬದಲಿಗೆ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್ ಸೇರಿಸಿದ್ದೇವೆ. ದೊಡ್ಡ ವ್ಯತ್ಯಾಸವನ್ನು ತಳ್ಳಿಹಾಕಲಾಗದು ಎಂದೂ ಬರೆದಿದ್ದೇವೆ (ಪುಟ 9).” ‘ವಿಮರ್ಶಕರಿಗೆ ಅರ್ಥವಾಗಿಲ್ಲ’ ಎಂಬ ಸಾಲು ನುಸುಳಿದರೆ ಪತ್ರ ಕೆಟ್ಟಿತು, ತೀರ್ಮಾನಿಸುವ ಸಂಪಾದಕರೂ ಅದನ್ನು ಓದುತ್ತಾರೆ.