ಬೋಗಿಯೊಳಗಿನ ತಮಾಷೆಗೂ ಒಂದು ಪರವಾನಗಿ

ಹುಬ್ಬಳ್ಳಿಯಲ್ಲಿ ರಾತ್ರಿ ಗಾಡಿ ಹತ್ತಿದವರೊಬ್ಬರು ನಾಲ್ಕು ಚೀಲ, ಒಂದು ಡಬ್ಬ, ಒಂದು ಸುತ್ತಿದ ಚಾಪೆಯನ್ನು ಸೀಟಿನಡಿ ತುರುಕುತ್ತಿದ್ದಾರೆ ಅನ್ನಿ. ಎದುರು ಕೂತ ಅಪರಿಚಿತ ಕೇಳುತ್ತಾನೆ: “ಏನ್ರೀ ಸಾಹೇಬ್ರ, ಇಡೀ ಹುಬ್ಬಳ್ಳಿನ ಕಟಗೊಂಡು ಬಂದೀರೇನು?” “ಇಲ್ರೀ, ಅರ್ಧ ಧಾರವಾಡ ಉಳದೈತಿ, ನಾಳಿ ತರ್ತೀನಿ.” ಅಷ್ಟಕ್ಕೇ ಎಂಟು ಬರ್ತಿನ ಆ ಅಂಕಣದಲ್ಲಿ ಮಾತು ಶುರುವಾಗುತ್ತದೆ.

ಅದೇ ಚೀಲಗಳನ್ನು ಅವರ ಹಳೆಯ ಗೆಳೆಯ ನೋಡಿದ್ದರೆ, “ಲೇ, ಹೆಂಡ್ತಿ ಮನಿಂದ ಹೊರಗ ಹಾಕ್ಯಾಳೇನಲೇ?” ಅನ್ನುತ್ತಿದ್ದ. ಗೆಳೆಯನ ಬಾಯಲ್ಲಿ ಅದು ನಗು. ಅವನು ಆ ಮನೆಯಲ್ಲಿ ಉಂಡವನು, ಗಂಡಹೆಂಡಿರ ನಡುವೆ ಏನೂ ಆಗಿಲ್ಲವೆಂದು ಬಲ್ಲವನು. ಮಾತು ಹೆಚ್ಚಾದರೂ ನಾಳೆ ಚಹಾ ಕುಡಿಸಿ ಸರಿಮಾಡಿಕೊಳ್ಳುತ್ತಾನೆ. ಅಪರಿಚಿತನಿಗೆ ಇದ್ಯಾವುದೂ ಇಲ್ಲ. ಆ ಮನುಷ್ಯ ನಿಜವಾಗಿಯೂ ಮನೆಯಲ್ಲಿ ಜಗಳಾಡಿಯೇ ಹೊರಟಿರಬಹುದು. ಆಡಿದ ಮಾತು ತಪ್ಪಾದರೆ ತಿದ್ದಲು ಬೆಳಗಿನವರೆಗಷ್ಟೇ ಸಮಯ. ಸಿಟ್ಟು ಬಂದರೆ ಎದ್ದು ಹೋಗೋಣವೆಂದರೆ ಇಬ್ಬರಿಗೂ ಬೇರೆ ಜಾಗವಿಲ್ಲ.

ಹಾಗಾಗಿ ಜಾಣ ಪ್ರಯಾಣಿಕ ಎಲ್ಲರ ಕಣ್ಣಿಗೂ ಬಿದ್ದ ವಸ್ತುವನ್ನೇ ಹಿಡಿಯುತ್ತಾನೆ: ಚೀಲ, ನೀರಾದ ಚಹಾ, ನಿಂತಲ್ಲೇ ನಿಂತ ಗಾಡಿ. ಮೈಬಣ್ಣ, ಸಂಬಳ, ಜಾತಿ, ಮದುವೆಗಳ ತಂಟೆಗೆ ಹೋಗುವುದಿಲ್ಲ. ‘ರೀ’ ಬಿಡುವುದಂತೂ ಇಲ್ಲವೇ ಇಲ್ಲ. ಕೆಣಕುವುದು ಮಾತಿನ ಹುರುಳಾದರೆ, ಮರ್ಯಾದೆಯನ್ನು ಆ ಒಂದಕ್ಷರ ಹೊತ್ತಿರುತ್ತದೆ.

ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ‘ತಮಾಷೆಯ ಸಂಬಂಧ’ಗಳ ಕುರಿತು ಬರೆದರು. ಕೆಲವು ನಂಟಿನಲ್ಲಿ ಒಬ್ಬರು ಗೇಲಿ ಮಾಡಬಹುದು, ಇನ್ನೊಬ್ಬರು ಬೇಸರಿಸಬಾರದು. ಆ ಪರವಾನಗಿಯನ್ನು ಸಮಾಜವೇ ಕೊಟ್ಟಿರುತ್ತದೆ. ನಮ್ಮಲ್ಲಿ ಭಾವ–ನಾದಿನಿಯರ, ಅತ್ತೆಮಕ್ಕಳ ನಡುವಿನ ಕೀಟಲೆ ಈ ಬಗೆಯದು. ಗೆಳೆಯರು ವರ್ಷಗಟ್ಟಲೆ ಒಡನಾಡಿ ಅದನ್ನು ಗಳಿಸಿಕೊಳ್ಳುತ್ತಾರೆ. ರೈಲಿನಲ್ಲಿ ಮಾತ್ರ ಪ್ರತಿ ಮಾತಿಗೂ ಹೊಸದಾಗಿ ಕೇಳಿ ಪಡೆಯಬೇಕು.

ಸಿಕ್ಕಿತೋ ಇಲ್ಲವೋ ತಿಳಿಯುವುದು ಹೇಗೆ? ನಗುವನ್ನು ನಂಬಬೇಡಿ, ಜನ ಸಂಕೋಚಕ್ಕೂ ನಗುತ್ತಾರೆ. ಮೇಲಿನವರು ಅರ್ಧ ಧಾರವಾಡ ಸೇರಿಸಿದಂತೆ ಎದುರಿನವರು ತಮ್ಮದೊಂದು ಸೇರಿಸಿದರೆ ಮಾತ್ರ ಆಟ ಒಪ್ಪಿಗೆ. “ಹೌದ್ರೀ” ಎಂದು ಮೊಬೈಲು ತೆಗೆದರೆ ಮುಗಿಯಿತು; ಎರಡನೆಯ ಪ್ರಯತ್ನ ಕಾಟ.

ಒಪ್ಪಿಗೆ ಸಿಕ್ಕ ತಮಾಷೆಯಿಂದ ಕೆಲಸವೂ ಆಗುತ್ತದೆ. ನಡುವಿನ ಬರ್ತಿನವನು ಒಂಬತ್ತಕ್ಕೇ ಮಲಗಬೇಕಿದ್ದರೆ, “ಸಾಹೇಬ್ರ, ನಿಮ್ಮ ತಲಿ ಮ್ಯಾಲೆ ಮಲಗೂ ಪುಣ್ಯ ನಮಗ ಯಾವಾಗ ಬರ್ತದ್ರೀ?” ಎಂದು ಕೇಳಿದರೆ ಕೆಳಗಿನವರು ನಗುತ್ತಲೇ ಏಳುತ್ತಾರೆ. ಹತ್ತು ಗಂಟೆಯ ಮೇಲೆ ಆ ಉಪಾಯ ಬೇಡ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬರ್ತು ಬಿಡಿಸಿ ಮಲಗುವುದು ಅವನ ಹಕ್ಕು.

ಒಂಟಿಯಾಗಿ ಹೊರಟ ಹೆಣ್ಣುಮಗಳಿಗೆ ಈ ಲೆಕ್ಕವೆಲ್ಲ ಬೇರೆ. ಇಡೀ ರಾತ್ರಿ ಅದೇ ಜಾಗದಲ್ಲಿ ಕಳೆಯಬೇಕಾದ ಆಕೆಗೆ ಗಂಡಸಿನ ಮೊದಲ ಚಟಾಕಿಯೇ ಆತಂಕ ತರಬಹುದು. ಅಲ್ಲಿ ಸುಮ್ಮನಿರುವುದೇ ಲೇಸು. ಯಾರಾದರೂ ಹಾಗೆ ಕಾಡಿದರೆ ರೈಲ್ವೆಯ ಸಹಾಯವಾಣಿ 139ಕ್ಕೆ ಕರೆ ಮಾಡಿ.