ತಟ್ಟೆ ಖಾಲಿಯಾದರೆ ನೋವಿಲ್ಲವೆಂದೇನಲ್ಲ

'ಊಟ ಮಾಡ್ತಾ ಇದೆಯಲ್ಲ, ಇನ್ನೂ ಟೈಮ್ ಬಂದಿಲ್ಲ ಬಿಡಿ.' ವಾಸಿಯಾಗದ ಕಾಯಿಲೆ ಬಂದ ನಾಯಿಯಿರುವ ಮನೆಗಳಲ್ಲಿ ಈ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಆದರೆ ಹಸಿವು ಒಂದು ಲಕ್ಷಣವಷ್ಟೇ. ಎಷ್ಟೋ ನಾಯಿಗಳು ಮೂಳೆಯ ಕ್ಯಾನ್ಸರ್ ಇದ್ದರೂ ಅನ್ನ ಬಿಡುವುದಿಲ್ಲ. ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದರಂತೂ ಹಸಿವು ಮಾಮೂಲಿಗಿಂತ ಜಾಸ್ತಿಯೇ ಇರುತ್ತದೆ. ಲ್ಯಾಬ್ರಡಾರ್ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ನೋವಿದ್ದರೆ ಕೂಗುವುದಿಲ್ಲವೇ?' ಎಂಬುದು ಇದರ ಜೊತೆಗೇ ಬರುವ ಪ್ರಶ್ನೆ. ದಿನವಿಡೀ ಕಾಡುವ ನೋವಿಗೆ ಪ್ರಾಣಿಗಳು ಸಾಮಾನ್ಯವಾಗಿ ಕೂಗುವುದಿಲ್ಲ, ಸುಮ್ಮನಾಗುತ್ತವೆ. ಮಲಗಿದ ಜಾಗ ಪದೇಪದೇ ಬದಲಿಸುವುದು, ಒಂದೇ ಕಾಲು ನೆಕ್ಕುತ್ತಿರುವುದು, ರಾತ್ರಿ ನಿದ್ದೆಯಿಲ್ಲದೆ ಓಡಾಡುವುದು, ಮುಟ್ಟಿದರೆ ಸರಿದುಕೊಳ್ಳುವುದು ಇವೆಲ್ಲ ನೋವಿನ ಲಕ್ಷಣಗಳಾಗಿರಬಹುದು. ಬೆಕ್ಕಾದರೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಅದು ಗುರುಗುಟ್ಟುತ್ತಿದೆ ಎಂದು ನೆಮ್ಮದಿಪಡಬೇಡಿ. ನೋವಿನಲ್ಲೂ ಬೆಕ್ಕುಗಳು ಗುರುಗುಟ್ಟುತ್ತವೆ.

ಇದನ್ನೆಲ್ಲ ಅಂದಾಜಿಗೆ ಬಿಡಬಾರದೆಂದು ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಾಲೊಬೋಸ್ 2004ರಲ್ಲಿ ಒಂದು ಅಂಕಪಟ್ಟಿ ಮಾಡಿದರು. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿತ್ವ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎನ್ನುವುದು, ಹೀಗೆ ಏಳು ಸಂಗತಿಗಳು. ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ, 10 ಎಂದರೆ ಚೆನ್ನಾಗಿದೆ ಎಂದು. ಒಟ್ಟು 70ರಲ್ಲಿ 35 ದಾಟಿದರೆ ಆರೈಕೆ ಮುಂದುವರಿಸಬಹುದು ಎಂಬುದು ಅವರ ಸೂಚನೆ.

ಇನ್ನೊಂದು ತಪ್ಪು ಕಲ್ಪನೆ ಹುಟ್ಟುವುದು ಇಲ್ಲೇ. 35 ಎನ್ನುವುದನ್ನು ನಾವು ಪರೀಕ್ಷೆಯ ಪಾಸ್ ಮಾರ್ಕ್ ಮಾಡಿಕೊಂಡುಬಿಡುತ್ತೇವೆ.

ಹನ್ನೊಂದು ವರ್ಷದ ಒಂದು ಲ್ಯಾಬ್ರಡಾರ್ ಇದೆ ಎಂದಿಟ್ಟುಕೊಳ್ಳಿ. ಮುಂಗಾಲಿನ ಮೂಳೆಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆ. ಊಟ ಬಿಟ್ಟಿಲ್ಲ, ಹಾಗಾಗಿ ಹಸಿವಿಗೆ 7. ನೀರು ಕುಡಿಯುತ್ತದೆ, ಒಸಡು ಒಣಗಿಲ್ಲ, 8. ಮೈ ಚೊಕ್ಕಟವಾಗಿದೆ, 7. ಮನೆಯವರು ಬಂದರೆ ಬಾಲ ಆಡಿಸುತ್ತದೆ, 6. ಕುಂಟಿಕೊಂಡು ಅಂಗಳದವರೆಗೆ ಹೋಗಿಬರುತ್ತದೆ, 5. ವಾರದಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಸರಿಸುಮಾರು ಸಮ, 5. ಉಳಿದದ್ದು ನೋವು. ಉಸಿರಾಟವೂ ಇದೇ ಕಲಮಿನಲ್ಲಿ ಬರುತ್ತದೆ. ನಾಯಿ ಅಡ್ಡ ಮಲಗಲಾರದು, ಕತ್ತು ಚಾಚಿ ಕೂತೇ ರಾತ್ರಿ ಕಳೆಯುತ್ತದೆ, ಉಸಿರಿಗೊಮ್ಮೆ ಹೊಟ್ಟೆ ಒಳಕ್ಕೆ ಎಳೆಯುತ್ತದೆ. ಇಲ್ಲಿ 2ಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಕೂಡಿದರೆ 40. ಪಟ್ಟಿಯ ಪ್ರಕಾರ ಪಾಸು. ಆದರೆ ಉಸಿರಾಟದ ಕಷ್ಟ ಉಳಿದ ಆರನ್ನೂ ಮೀರಿದ್ದು ಎಂದು ಪಟ್ಟಿ ಮಾಡಿದವರೇ ಹೇಳುತ್ತಾರೆ. ಔಷಧಿ, ಆಕ್ಸಿಜನ್ ಕೊಟ್ಟೂ ಆ 2 ಮೇಲೇಳದಿದ್ದರೆ ಬಾಲದ 6 ಅಂಕ ಅದಕ್ಕೆ ಪರಿಹಾರವಾಗದು. ನಿದ್ದೆಹೋದ ನಾಯಿಯ ಎದೆ ಎಷ್ಟು ಸಲ ಏರಿಳಿಯುತ್ತದೆಂದು ಗಡಿಯಾರ ಹಿಡಿದು ಎಣಿಸಿ ನೋಡಿ: ನಿಮಿಷಕ್ಕೆ 30ರೊಳಗೆ ಇರಬೇಕು. ದಿನದಿನಕ್ಕೂ ಏರುತ್ತಿದ್ದರೆ ವೈದ್ಯರಿಗೆ ಆಗಲೇ ಫೋನ್ ಮಾಡಬೇಕು.

ಕಡಿಮೆ ಅಂಕವೆಲ್ಲ ಕೊನೆಯ ಸೂಚನೆಯೂ ಅಲ್ಲ. ಮೂತ್ರಪಿಂಡ ಸೋತ ಬೆಕ್ಕಿಗೆ ನೀರಿನಂಶದಲ್ಲಿ 3 ಬಂದಿದ್ದರೆ, ಚರ್ಮದಡಿ ಡ್ರಿಪ್ ಕೊಟ್ಟ ಮೇಲೆ ಅದೇ 7 ಆಗಬಹುದು. ಯಾವ ಅಂಕವನ್ನು ಚಿಕಿತ್ಸೆ ಎತ್ತಬಲ್ಲದು, ಯಾವುದನ್ನು ಎತ್ತಲಾರದು ಎಂಬುದನ್ನು ತೋರಿಸುವುದೇ ಪಟ್ಟಿಯ ನಿಜವಾದ ಉಪಯೋಗ. ಅದಕ್ಕಾಗಿ ಒಂದು ಸಲ ಬರೆದರೆ ಸಾಲದು. ಎರಡು ಮೂರು ದಿನಕ್ಕೊಮ್ಮೆ ಬರೆಯಬೇಕು, ಅದೂ ಮನೆಯಲ್ಲಿ ಇಬ್ಬರು ಬೇರೆಬೇರೆಯಾಗಿ. ರಾತ್ರಿ ಎದ್ದು ನೋಡಿಕೊಳ್ಳುವವರು ಕೊಡುವ ಅಂಕ, ಸಂಜೆ ಆಫೀಸಿನಿಂದ ಬಂದು ತಲೆ ಸವರುವವರ ಅಂಕಕ್ಕಿಂತ ಕಡಿಮೆಯಿರುತ್ತದೆ. ನನಗೆ ಮೊದಲಿನವರ ಮೇಲೇ ಹೆಚ್ಚು ನಂಬಿಕೆ.

'ಅದರ ಪಾಡಿಗೆ ಅದು ನಿದ್ದೆಯಲ್ಲೇ ಹೋಗಲಿ' ಎನ್ನುವವರೂ ಇದ್ದಾರೆ. ಹಾಗೆ ಹೋಗುವುದು ಅಪರೂಪ. ಶ್ವಾಸಕೋಶ ಸೋತ ಪ್ರಾಣಿ ಉಸಿರಿಗಾಗಿ ಒದ್ದಾಡಿ ಸಾಯಬಹುದು, ಅದೂ ಕ್ಲಿನಿಕ್ ಮುಚ್ಚಿದ ನಡುರಾತ್ರಿಯಲ್ಲಿ.

ದಯಾಮರಣದ ಇಂಜೆಕ್ಷನ್ನಿನಿಂದ ನೋವಾಗುತ್ತದೆಂಬ ಅಳುಕೂ ಹಲವರಿಗಿದೆ. ಮೊದಲು ಮಂಪರಿನ ಔಷಧಿ ಕೊಡಲು ಕೇಳಿಕೊಳ್ಳಿ. ಆಗ ಸೂಜಿ ಚುಚ್ಚಿದ್ದಷ್ಟೇ ಪ್ರಾಣಿಗೆ ಗೊತ್ತಾಗುವುದು. ಆಮೇಲೆ ರಕ್ತನಾಳಕ್ಕೆ ಅರಿವಳಿಕೆಯ ಔಷಧಿಯನ್ನೇ ಮಿತಿಮೀರಿದ ಪ್ರಮಾಣದಲ್ಲಿ ಕೊಡುತ್ತಾರೆ. ಮೊದಲು ಪ್ರಜ್ಞೆ ಹೋಗುತ್ತದೆ, ನಂತರ ಉಸಿರು, ಹೃದಯ ನಿಲ್ಲುತ್ತವೆ. ಸತ್ತ ಮೇಲೂ ಕಣ್ಣು ತೆರೆದೇ ಇರುತ್ತದೆ, ಮೂತ್ರ ಹೋಗಬಹುದು, ಒಂದೆರಡು ಸಲ ಬಾಯಿ ತೆರೆದು ಉಸಿರೆಳೆದಂತೆ ಕಾಣಬಹುದು. ಅದು ಸ್ನಾಯುಗಳ ಚಲನೆಯಷ್ಟೇ, ಜೀವ ಮರಳಿದ್ದಲ್ಲ. ಮನೆಯವರು ಜೊತೆಗಿರುವುದಾದರೆ ವೈದ್ಯರು ಇದನ್ನು ಮೊದಲೇ ಹೇಳಿಡಬೇಕು.